ಒಂದು ಸ್ಲೈಡ್‌ಗೆ ಎಷ್ಟು?

"ಒಂದು ಪಿಪಿಟಿ ಮಾಡಿಸಬೇಕಿತ್ತು. ಸ್ಲೈಡ್‌ಗೆ ಎಷ್ಟು ತಗೋತೀರಿ?"

ಬೇರೆಯವರಿಗಾಗಿ ಪ್ರೆಸೆಂಟೇಶನ್ ಸಿದ್ಧಪಡಿಸಿ ಕೊಡುವ ಡಿಸೈನರ್‌ಗಳಿಗೆ ಬರುವ ಮೊದಲ ಫೋನ್ ಕರೆ ಬಹುಮಟ್ಟಿಗೆ ಹೀಗೇ ಇರುತ್ತದೆ. ಕರೆ ಮಾಡಿದವರು ಹೂಡಿಕೆದಾರರ ಮುಂದೆ ನಿಲ್ಲಬೇಕಾದ ಸ್ಟಾರ್ಟ್‌ಅಪ್‌ನವರಿರಬಹುದು, ಅನುದಾನ ಕೇಳಲು ಹೊರಟ ಸೇವಾ ಸಂಸ್ಥೆಯವರಿರಬಹುದು, ಸಮ್ಮೇಳನಕ್ಕೆ ಹೊರಟ ವೈದ್ಯರಿರಬಹುದು. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಆದರೆ ಆ ಗಳಿಗೆಯಲ್ಲಿ ಅದಕ್ಕೆ ಪ್ರಾಮಾಣಿಕ ಉತ್ತರ ಕೊಡಲು ಯಾರಿಂದಲೂ ಆಗದು. ಎಷ್ಟು ಸ್ಲೈಡ್ ಬೇಕು, ಒಂದೊಂದರಲ್ಲಿ ಎಷ್ಟು ಕೆಲಸ ಇದೆ ಎಂಬುದು ಆಗ ಕೇಳಿದವರಿಗೂ ಗೊತ್ತಿರುವುದಿಲ್ಲ, ಕೇಳಿಸಿಕೊಂಡವರಿಗೂ ಗೊತ್ತಿರುವುದಿಲ್ಲ.

ಎಣಿಸಿ ಬೆಲೆ ಕಟ್ಟುವ ಈ ರೂಢಿಗೆ ಒಂದು ಕಾಲದಲ್ಲಿ ಗಟ್ಟಿ ಕಾರಣವಿತ್ತು. 1980ರ ದಶಕದಲ್ಲಿ ಸ್ಲೈಡ್ ಎಂದರೆ ಕೈಯಲ್ಲಿ ಹಿಡಿಯಬಹುದಾದ ವಸ್ತು. 35 ಮಿಲಿಮೀಟರ್ ಫಿಲ್ಮಿನ ತುಂಡನ್ನು ಚೌಕಟ್ಟಿನಲ್ಲಿ ಕೂರಿಸಿ, ಪ್ರೊಜೆಕ್ಟರಿನ ತಟ್ಟೆಗೆ ಒಂದೊಂದಾಗಿ ತುಂಬುತ್ತಿದ್ದರು. ಅಮೆರಿಕದ ಜೆನಿಗ್ರಾಫಿಕ್ಸ್‌ನಂಥ ಕಂಪನಿಗಳು ದೊಡ್ಡ ಕಂಪ್ಯೂಟರುಗಳಲ್ಲಿ ಚಿತ್ರ ಬಿಡಿಸಿ ಫಿಲ್ಮಿಗೆ ಇಳಿಸಿ ಕೊಡುತ್ತಿದ್ದವು. ಪ್ರತಿ ತುಂಡಿಗೂ ಫಿಲ್ಮಿನ ಖರ್ಚು, ತೊಳೆಯುವ ಖರ್ಚು ಇದ್ದುದರಿಂದ ಎಣಿಸುವುದು ಸಹಜವಾಗಿತ್ತು. ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನ್ನಿಸ್ ಆಸ್ಟಿನ್ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರೂಪಿಸಿದ ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ಮಾರುಕಟ್ಟೆಗೆ ಬಂತು. ಅದೇ ವರ್ಷ ಮೈಕ್ರೊಸಾಫ್ಟ್ ಆ ಕಂಪನಿಯನ್ನು 1.4 ಕೋಟಿ ಡಾಲರಿಗೆ ಕೊಂಡಿತು. ಕ್ರಮೇಣ ಫಿಲ್ಮೂ ಹೋಯಿತು, ತಟ್ಟೆಯೂ ಹೋಯಿತು. ಇನ್ನೊಂದು ಸ್ಲೈಡ್ ಸೇರಿಸಲು ಈಗ ಒಂದು ಕ್ಲಿಕ್ ಸಾಕು, ಖರ್ಚು ಸೊನ್ನೆ. ಎಣಿಸುವ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ.

ಹಾಗಾದರೆ ಈಗ ಎಣಿಕೆಗೆ ಅರ್ಥ ಬರುವುದು ಯಾವಾಗ? ಕೇಳುಗರು ಯಾರು, ಅವರಿಗೆ ಹೇಳಬೇಕಾದ್ದೇನು ಎಂಬುದು ಕಾಗದದ ಮೇಲೆ ತೀರ್ಮಾನವಾದ ನಂತರವೇ. ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮುಂದಿನ ಕಂಪನಿ ಮತ್ತು ಅದರ ಲೆಕ್ಕ ವಿವರಣೆಗಾಗಿ ಕಟ್ಟಿಕೊಂಡದ್ದು. ಅದರಲ್ಲಿ ಬರುವ ತೊಡಕುಗಳು ಮಾತ್ರ ಈ ವೃತ್ತಿಯವರಿಗೆ ದಿನನಿತ್ಯದವು.

ಮೊದಲು ಎದುರಿಗೆ ಕೂರುವವರು

ಕೋಲಾರದ ಬಳಿ ಟೊಮೆಟೊ ಹೋಳುಗಳನ್ನು ಒಣಗಿಸಿ ಮಾರುವ ಒಂದು ಸಣ್ಣ ಘಟಕ. ಅದನ್ನು ವಿಸ್ತರಿಸಲು ಬ್ಯಾಂಕಿನಿಂದ 60 ಲಕ್ಷ ರೂಪಾಯಿ ಸಾಲ ಬೇಕು. ಮಾಲೀಕರು ತಾವೇ ಮಾಡಿಕೊಂಡ 32 ಸ್ಲೈಡುಗಳ ಫೈಲನ್ನು ಡಿಸೈನರ್‌ಗೆ ಕಳಿಸಿ, "ಇದನ್ನ ಸ್ವಲ್ಪ ಚೆನ್ನಾಗಿ ಕಾಣೋ ಹಾಗೆ ಮಾಡಿಕೊಡಿ" ಎನ್ನುತ್ತಾರೆ. ಮೊದಲ ಏಳು ಸ್ಲೈಡುಗಳಲ್ಲಿ ಸಂಸ್ಥಾಪಕರ ಪರಿಚಯ, ಉದ್ಘಾಟನೆಯ ಫೋಟೊ, ಬಂದ ಪ್ರಶಸ್ತಿಗಳು. ಆಮೇಲೆ ಯಂತ್ರಗಳ ವಿವರ. 27ನೆಯ ಸ್ಲೈಡಿನಲ್ಲಿ ಎಕ್ಸೆಲ್‌ನಿಂದ ತಂದು ಅಂಟಿಸಿದ ಕೋಷ್ಟಕ: ಹನ್ನೆರಡು ಸಾಲು, ಒಂಬತ್ತು ಕಾಲಂ, ಸೇರಿ 108 ಅಂಕಿಗಳು, ಇರುವೆಯ ಗಾತ್ರದ ಅಕ್ಷರದಲ್ಲಿ.

ಅನುಭವಿ ಡಿಸೈನರ್ ಈ ಫೈಲನ್ನು ಸದ್ಯಕ್ಕೆ ಮುಚ್ಚಿಟ್ಟು ಮಾಲೀಕರನ್ನೇ ಕೇಳಲು ಕೂರುತ್ತಾರೆ. ಎದುರಿಗೆ ಯಾರು ಯಾರು ಇರುತ್ತಾರೆ? ಸಭೆ ಮುಗಿದಾಗ ಅವರು ಯಾವ ತೀರ್ಮಾನ ತೆಗೆದುಕೊಳ್ಳಬೇಕು? ನಿಮಗೆ ಸಿಗುವ ಸಮಯ ಎಷ್ಟು? ಪರದೆಯ ಮೇಲೆ ನೀವು ತೋರಿಸುತ್ತೀರೋ, ಅಥವಾ ಅವರು ಮುದ್ರಿಸಿಕೊಂಡು ಓದುತ್ತಾರೋ? ನೀವು ಎದ್ದು ಹೊರಟ ಮೇಲೆ ಫೈಲು ಯಾರ ಕೈಗೆ ಹೋಗುತ್ತದೆ?

ಕೊನೆಯ ಎರಡು ಪ್ರಶ್ನೆಗಳನ್ನು ಹೊಸಬರು ಕೇಳುವುದನ್ನೇ ಮರೆಯುತ್ತಾರೆ. ಮಾತಾಡುತ್ತ ತೋರಿಸುವ ಸ್ಲೈಡಿನಲ್ಲಿ ಪದಗಳು ಕಡಿಮೆ ಇದ್ದಷ್ಟೂ ಒಳ್ಳೆಯದು, ಏಕೆಂದರೆ ಜನ ಓದುವಾಗ ಕೇಳಿಸಿಕೊಳ್ಳುವುದಿಲ್ಲ. ಇಮೇಲ್‌ನಲ್ಲಿ ಹೋಗಿ ಯಾರೋ ಒಬ್ಬರೇ ಕೂತು ಓದುವ ಸ್ಲೈಡಿಗೆ ಪೂರ್ಣ ವಾಕ್ಯಗಳು ಬೇಕು, ಏಕೆಂದರೆ ಬಿಡಿಸಿ ಹೇಳಲು ಅಲ್ಲಿ ಯಾರೂ ಇರುವುದಿಲ್ಲ. ಎರಡಕ್ಕೂ ಒಂದೇ ಫೈಲು ಸಾಕೆಂದು ಹೊರಟರೆ ಸಭೆಯಲ್ಲಿ ಅದು ಹೆಚ್ಚಾಗುತ್ತದೆ, ಮೇಜಿನ ಮೇಲೆ ಕಡಿಮೆಯಾಗುತ್ತದೆ.

ಕೋಲಾರದ ಘಟಕದ ಮಾಲೀಕರಿಂದ ಬಂದ ಉತ್ತರಗಳು ಹೀಗಿವೆ. ಎದುರಿಗಿರುವವರು ಸಾಲ ಮಂಜೂರು ಮಾಡುವ ನಾಲ್ವರು ಅಧಿಕಾರಿಗಳು. ಸಮಯ 20 ನಿಮಿಷ. ಅವರ ಮುಂದೆ ಕಪ್ಪು-ಬಿಳುಪು ಪ್ರಿಂಟ್ ಇರುತ್ತದೆ. ಆಮೇಲೆ ಅದು ಕಡತ ಸೇರಿ ಮೇಲಧಿಕಾರಿಯ ಬಳಿಗೆ ಹೋಗುತ್ತದೆ. ಇಷ್ಟು ತಿಳಿದ ಕೂಡಲೇ ಹಲವು ವಿಷಯಗಳು ತಾವಾಗಿ ತೀರ್ಮಾನವಾಗುತ್ತವೆ. ಬಣ್ಣದ ಮೇಲೆ ಅರ್ಥ ನಿಲ್ಲಬಾರದು, ಏಕೆಂದರೆ ಕಪ್ಪು-ಬಿಳುಪು ಪ್ರಿಂಟಿನಲ್ಲಿ ಕೆಂಪೂ ಹಸಿರೂ ಹೆಚ್ಚುಕಡಿಮೆ ಒಂದೇ ಬೂದು. ಮೇಲಧಿಕಾರಿಗೆ ಬೇಕಾಗುವ ವಿವರಗಳನ್ನು ಅನುಬಂಧದಲ್ಲಿ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಾಲ ಕೊಡುವವರ ತಲೆಯಲ್ಲಿರುವ ಪ್ರಶ್ನೆ ಒಂದೇ: ಕಂತು ತಪ್ಪದೆ ಬರುತ್ತದೆಯೇ?

ಈ ಘಟಕದ ವಿಷಯದಲ್ಲಿ ಆ ಪ್ರಶ್ನೆಗೆ ಒಂದು ಮುಳ್ಳಿದೆ. ಟೊಮೆಟೊ ಬೆಲೆ ನೆಲಕಚ್ಚಿದಾಗ ಒಣಗಿಸುವವರಿಗೆ ಸುಗ್ಗಿ, ಬೆಲೆ ಗಗನಕ್ಕೇರಿದಾಗ ಕಚ್ಚಾ ಮಾಲು ಕೊಳ್ಳುವುದೇ ಕಷ್ಟ. "ಬೆಲೆ ಏರಿದ ತಿಂಗಳಲ್ಲಿ ಕಂತು ಎಲ್ಲಿಂದ ಕಟ್ಟುತ್ತೀರಿ?" ಎಂದು ಬ್ಯಾಂಕಿನವರು ಕೇಳಿಯೇ ಕೇಳುತ್ತಾರೆ. ಮಾಲೀಕರ ಬಳಿ ಉತ್ತರವಿದೆ: ಒಣಗಿದ ಮಾಲು ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಅಗ್ಗದ ಕಾಲದ ದಾಸ್ತಾನನ್ನು ಆಗ ಮಾರಬಹುದು, ಜತೆಗೆ ಒಂದು ಮೀಸಲು ನಿಧಿಯೂ ಇದೆ. ಆದರೆ 32 ಸ್ಲೈಡುಗಳಲ್ಲಿ ಎಲ್ಲೂ ಈ ಮಾತೇ ಇಲ್ಲ.

ಶೀರ್ಷಿಕೆಯೇ ಸುಳ್ಳು ಹೇಳಿದಾಗ

ಕೇಳುಗರ ಪ್ರಶ್ನೆಗೆ ಉತ್ತರ ಸ್ಲೈಡಿನಲ್ಲಿದ್ದೂ ಕಾಣದೆ ಹೋದರೆ ಏನಾಗಬಹುದು ಎಂಬುದಕ್ಕೆ ಈ ವೃತ್ತಿಯವರು ಇಂದಿಗೂ ಕೊಡುವ ಉದಾಹರಣೆ ಕೊಲಂಬಿಯಾ ಗಗನನೌಕೆಯದು. 2003ರ ಜನವರಿ 16ರಂದು ಅದು ಹಾರಿದ ಒಂದೂವರೆ ನಿಮಿಷದೊಳಗೆ ಹೊರಗಿನ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಬೋಯಿಂಗ್ ಎಂಜಿನಿಯರುಗಳು ಈ ಏಟಿನಿಂದ ಅಪಾಯ ಎಷ್ಟು ಎಂದು ಲೆಕ್ಕ ಹಾಕಿ, ಸ್ಲೈಡುಗಳಲ್ಲಿ ನಾಸಾ ಮುಂದೆ ಇಟ್ಟರು.

ಅವುಗಳಲ್ಲೊಂದು ಸ್ಲೈಡಿನ ಶೀರ್ಷಿಕೆ ಓದಿದರೆ ಎಲ್ಲ ಸುರಕ್ಷಿತ ಎಂಬ ಭಾವನೆ ಬರುತ್ತಿತ್ತು. ಅದರ ಕೆಳಗೆ ಬುಲೆಟ್, ಬುಲೆಟ್ಟಿನೊಳಗೆ ಬುಲೆಟ್. ತೀರಾ ಕೆಳಗಿನ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ನಿಜವಾದ ಸುದ್ದಿ ಇತ್ತು: ಬಡಿದ ತುಂಡಿನ ಗಾತ್ರ 1920 ಘನ ಅಂಗುಲವೆಂದು ಅಂದಾಜು, ಹಿಂದೆ ಪರೀಕ್ಷೆಗೆ ಬಳಸಿದ್ದ ತುಂಡು ಬರೇ 3 ಘನ ಅಂಗುಲ. 640 ಪಟ್ಟು ಅಂತರ. ಎಂದರೆ ಆ ಪರೀಕ್ಷೆಯ ಆಧಾರದಲ್ಲಿ ಯಾವ ಧೈರ್ಯವನ್ನೂ ಹೇಳುವಂತಿರಲಿಲ್ಲ. ಫೆಬ್ರವರಿ 1ರಂದು ಮರಳುವಾಗ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು. ಇಂಥ ಸ್ಲೈಡನ್ನು ಓದಿದ ಹಿರಿಯ ಅಧಿಕಾರಿಗೆ ಇದು ಜೀವಕ್ಕೆ ಸಂಬಂಧಿಸಿದ ವಿಷಯವೆಂದು ಹೊಳೆಯದೆ ಹೋಗುವುದು ಸುಲಭ ಎಂದು ತನಿಖಾ ಮಂಡಳಿಯ ವರದಿಯೇ ಹೇಳಿತು. ದತ್ತಾಂಶ ವಿನ್ಯಾಸದ ಪ್ರಾಧ್ಯಾಪಕ ಎಡ್ವರ್ಡ್ ಟಫ್ಟಿ ಈ ಒಂದೇ ಸ್ಲೈಡನ್ನು ಸಾಲು ಸಾಲಾಗಿ ವಿಶ್ಲೇಷಿಸಿ ಬರೆದರು. ದುರಂತಕ್ಕೆ ಕಾರಣ ಸ್ಲೈಡೊಂದೇ ಅಲ್ಲ, ಆದರೆ ತಿಳಿದಿದ್ದ ಅಪಾಯ ಮೇಲಿನವರಿಗೆ ಅಪಾಯವಾಗಿ ತಲುಪಲಿಲ್ಲ ಎಂಬುದು ನಿಜ.

ಈ ಸ್ಲೈಡಿಗೆ ಬಣ್ಣ ಹಚ್ಚಿ, ಐಕಾನ್ ಹಾಕಿ ಚೆಂದ ಮಾಡಿದ್ದರೆ ಏನೂ ಬದಲಾಗುತ್ತಿರಲಿಲ್ಲ. ಬದಲಾಗಬೇಕಿದ್ದದ್ದು ಯಾವ ಮಾತು ಮೇಲೆ, ಯಾವುದು ಕೆಳಗೆ ಎಂಬ ಕ್ರಮ. ಸ್ಟೋರಿಬೋರ್ಡ್ ಮಾಡುವುದು ಅದಕ್ಕಾಗಿ.

ಕಾಗದದ ಮೇಲಿನ ಹದಿನಾಲ್ಕು ವಾಕ್ಯ

ಸ್ಟೋರಿಬೋರ್ಡ್ ಎಂದರೆ ಸಿನಿಮಾದವರಂತೆ ಚಿತ್ರ ಬರೆಯಬೇಕೆಂದೇನಿಲ್ಲ. ಅಂಟುಚೀಟಿಗಳು ಅಥವಾ ಎಂಟು ಚೌಕ ಎಳೆದ ಎ4 ಹಾಳೆ ಸಾಕು. ಒಂದು ಚೌಕಕ್ಕೆ ಒಂದು ವಾಕ್ಯ, ಅದರ ಕೆಳಗೆ ಏನು ಬರುತ್ತದೆಂಬ ಪೆನ್ಸಿಲ್ ಗೀಟು: ಇಲ್ಲಿ ನಕ್ಷೆ, ಇಲ್ಲಿ ಗ್ರಾಫ್, ಇಲ್ಲಿ ಫೋಟೊ. ಕಂಪ್ಯೂಟರಿನಲ್ಲಿ ಒಂದು ಸ್ಲೈಡನ್ನು ಎರಡು ಗಂಟೆ ತಿದ್ದಿದ ಮೇಲೆ ಅದನ್ನು ಕಿತ್ತೆಸೆಯಲು ಮನಸ್ಸು ಬರುವುದಿಲ್ಲ. ಚೀಟಿಯನ್ನು ಹರಿದು ಹಾಕಲು ಯಾರಿಗೂ ಸಂಕಟವಾಗದು.

ಚೌಕದಲ್ಲಿ ಬರೆಯುವುದು ವಿಷಯದ ಹೆಸರನ್ನಲ್ಲ, ಪೂರ್ತಿ ವಾಕ್ಯವನ್ನು. "ಹಣಕಾಸು ಸ್ಥಿತಿ" ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. "ವರ್ಷದ ಕಂತಿನ 1.4 ಪಟ್ಟು ಹಣ ಕೈಯಲ್ಲಿ ಉಳಿಯುತ್ತದೆ" ಎಂದರೆ ಹೇಳಿದಂತಾಗುತ್ತದೆ. ಎಲ್ಲ ಚೌಕಗಳೂ ತುಂಬಿದ ಮೇಲೆ ಶೀರ್ಷಿಕೆಗಳನ್ನಷ್ಟೇ ಗ್ರಾಹಕರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ವಾಕ್ಯದಿಂದ ವಾಕ್ಯಕ್ಕೆ ಮಾತು ಕೂಡಿಕೊಂಡು ಹೋದರೆ ಸರಿ. ಎಲ್ಲಿ "ಇದು ಈಗ ಯಾಕೆ ಬಂತು?" ಅನ್ನಿಸುತ್ತದೋ ಅಲ್ಲಿ ಚೀಟಿ ಸ್ಥಳ ಬದಲಿಸಬೇಕು ಅಥವಾ ಹೋಗಬೇಕು. ಮೆಕಿನ್ಸೆಯಲ್ಲಿ ಕೆಲಸ ಮಾಡಿದ್ದ ಬಾರ್ಬರಾ ಮಿಂಟೊ ತಮ್ಮ ಪಿರಮಿಡ್ ಸೂತ್ರದಲ್ಲಿ ತೋರಿಸಿದ ದಾರಿಯೂ ಇದೇ: ಮೊದಲು ಉತ್ತರ, ಆಮೇಲೆ ಅದನ್ನು ಹೊತ್ತು ನಿಲ್ಲುವ ಕಾರಣಗಳು.

ಕೋಲಾರದ ಘಟಕಕ್ಕೆ ಮೊದಲ ಚೌಕದಲ್ಲೇ ಕೋರಿಕೆ ಬಂತು: 60 ಲಕ್ಷ ಸಾಲ, ಐದು ವರ್ಷದಲ್ಲಿ ಮರುಪಾವತಿ. ಎರಡನೆಯದು ಯಾರಿಗೆ ಮಾರುತ್ತೇವೆ, ಖರೀದಿ ಒಪ್ಪಂದ ಎಷ್ಟರದು ಎಂಬುದು. ಸಂಸ್ಥಾಪಕರ ಏಳು ಸ್ಲೈಡುಗಳು ಒಂದಾದವು. ಉದ್ಘಾಟನೆಯ ಫೋಟೊ ಹೊರಗುಳಿಯಿತು. ಮಾಲೀಕರಿಗೆ ಬೇಸರವಾಗುವ ಜಾಗ ಇದೇ. ಆಗ ಅವರ ಜತೆ ವಾದಕ್ಕಿಳಿಯುವ ಬದಲು, "ಈ ಫೋಟೊ ನೋಡಿ ಬ್ಯಾಂಕಿನವರು ಯಾವ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದುಕೊಳ್ತಾರೆ?" ಎಂದು ಕೇಳಿದರೆ ಸಾಕು. ಕೊನೆಗೆ ಉಳಿದದ್ದು ಹದಿನಾಲ್ಕು ಸ್ಲೈಡುಗಳು, ಜತೆಗೆ ಆರು ಅನುಬಂಧ.

ಆ 108 ಅಂಕಿಗಳ ಕೋಷ್ಟಕ ಏನಾಯಿತು? 60 ಲಕ್ಷಕ್ಕೆ ಶೇ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 1.3 ಲಕ್ಷ ರೂಪಾಯಿ, ವರ್ಷಕ್ಕೆ 15.65 ಲಕ್ಷ. ಘಟಕದ ಕೈಯಲ್ಲಿ ವರ್ಷಕ್ಕೆ ಉಳಿಯುವುದು 22 ಲಕ್ಷ. ಹೊಸ ಸ್ಲೈಡಿನಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬಗಳು, ಅವುಗಳಿಗೆ ಅಡ್ಡವಾಗಿ 1.3 ಲಕ್ಷದ ಮಟ್ಟದಲ್ಲಿ ಒಂದು ಗೆರೆ. ಹತ್ತು ಕಂಬಗಳು ಗೆರೆ ದಾಟುತ್ತವೆ, ಎರಡು ದಾಟುವುದಿಲ್ಲ. ಆ ಎರಡನ್ನು ಮುಚ್ಚಿಡದೆ, ಒಳಗೆ ಗೀರು ಎಳೆದು ಎದ್ದು ಕಾಣುವಂತೆ ಮಾಡಿ, ಪಕ್ಕದಲ್ಲೇ "ಈ ತಿಂಗಳುಗಳ ಕೊರತೆ ಮೀಸಲು ನಿಧಿಯಿಂದ" ಎಂದು ಬರೆಯಲಾಯಿತು. ಗೀರು ಎಳೆದದ್ದರಿಂದ ಕಪ್ಪು-ಬಿಳುಪು ಪ್ರಿಂಟಿನಲ್ಲೂ ಅದು ಕಾಣುತ್ತದೆ. ಪೂರ್ತಿ ಕೋಷ್ಟಕ ಅನುಬಂಧಕ್ಕೆ ಹೋಯಿತು. ಬೇಕೆಂದವರು ತಿರುವಿ ನೋಡುತ್ತಾರೆ. ಗ್ರಾಫನ್ನು ಚಿತ್ರವಾಗಿ ಅಂಟಿಸದೆ ಪವರ್‌ಪಾಯಿಂಟಿನ ಗ್ರಾಫ್ ಆಗಿಯೇ ಬಿಟ್ಟರೆ, ಬಡ್ಡಿ ದರ ಬದಲಾದ ದಿನ ಮಾಲೀಕರೇ ಅಂಕಿ ತಿದ್ದಿಕೊಳ್ಳಬಹುದು.

ಎಣಿಕೆಯ ಬಲೆ

ಈಗ ಬೆಲೆಯ ಮಾತು. ಮೊದಲ ಫೋನಿನಲ್ಲೇ ಡಿಸೈನರ್ "ಸ್ಲೈಡಿಗೆ 700 ರೂಪಾಯಿ" ಎಂದಿದ್ದರು ಎಂದುಕೊಳ್ಳಿ. 32 ಸ್ಲೈಡಿಗೆ 22,400 ರೂಪಾಯಿ. ಆದರೆ ಅವರು ಯೋಚಿಸಿ, ಕೂತು ಮಾತಾಡಿ, 32ನ್ನು 20ಕ್ಕೆ ಇಳಿಸಿದರು. ಬಿಲ್ಲು 14,000ಕ್ಕೆ ಇಳಿಯಿತು. ಒಳ್ಳೆಯ ಕೆಲಸ ಮಾಡಿದ್ದಕ್ಕೆ 8,400 ರೂಪಾಯಿ ದಂಡ. ಅದೇ ಡಿಸೈನರ್ ಬಾಯಿ ಮುಚ್ಚಿಕೊಂಡು 32ಕ್ಕೂ ಬಣ್ಣ ಹಚ್ಚಿದ್ದರೆ ಹಣವೂ ಹೆಚ್ಚು, ಶ್ರಮವೂ ಕಡಿಮೆ. ಗ್ರಾಹಕರ ಕಡೆಯಿಂದ ಇದರ ಇನ್ನೊಂದು ಮುಖ ಕಾಣುತ್ತದೆ: ಎಣಿಕೆ ಕಡಿಮೆ ಮಾಡಲೆಂದು ಎರಡು ಸ್ಲೈಡಿನ ಸರಕನ್ನು ಒಂದರಲ್ಲೇ ತುರುಕುತ್ತಾರೆ.

ಇದರಿಂದ ಹೊರಬರಲು ಗಂಟೆಯ ಲೆಕ್ಕದಿಂದ ಶುರು ಮಾಡಬೇಕು. ಒಬ್ಬ ಸ್ವತಂತ್ರ ಡಿಸೈನರ್‌ಗೆ ತಿಂಗಳಿಗೆ 75,000 ರೂಪಾಯಿ ಆದಾಯ ಬೇಕು, ಸಾಫ್ಟ್‌ವೇರ್, ಇಂಟರ್ನೆಟ್, ಬಾಡಿಗೆ ಎಂದು 15,000 ಖರ್ಚಿದೆ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 200 ಗಂಟೆ ಕೂತರೂ ಬಿಲ್ ಮಾಡಲು ಸಿಗುವುದು ಅರ್ಧ. ಉಳಿದದ್ದು ಫೋನಿಗೆ, ಕೊಟೇಶನ್‌ಗೆ, ಬಾಕಿ ವಸೂಲಿಗೆ ಹೋಗುತ್ತದೆ. 90,000ವನ್ನು 100 ಗಂಟೆಗೆ ಹಂಚಿದರೆ ಗಂಟೆಗೆ 900 ರೂಪಾಯಿ.

ಆಮೇಲೆ ಸ್ಟೋರಿಬೋರ್ಡ್ ಮುಂದಿಟ್ಟುಕೊಂಡು ಸ್ಲೈಡುಗಳನ್ನು ಮೂರು ತರಗತಿ ಮಾಡಬೇಕು. ಶೀರ್ಷಿಕೆ, ಸಂಪರ್ಕ ವಿವರ, ಅನುಬಂಧದಂಥ ಹಗುರ ಸ್ಲೈಡಿಗೆ ಅರ್ಧ ಗಂಟೆ, ಅಂದರೆ 450 ರೂಪಾಯಿ. ಒಂದು ಗ್ರಾಫ್ ಅಥವಾ ಫೋಟೊ ಮತ್ತು ಪಠ್ಯ ಇರುವ ಮಧ್ಯಮದ್ದಕ್ಕೆ ಒಂದೂವರೆ ಗಂಟೆ, 1,350. ಹೊಸದಾಗಿ ಬಿಡಿಸಬೇಕಾದ ನಕ್ಷೆ, ಪ್ರಕ್ರಿಯೆಯ ಚಿತ್ರ, ಕಟ್ಟಬೇಕಾದ ದತ್ತಾಂಶ ಇರುವ ಭಾರದ್ದಕ್ಕೆ ಮೂರು ಗಂಟೆ, 2,700.

ನಮ್ಮ ಇಪ್ಪತ್ತರಲ್ಲಿ ಎಂಟು ಹಗುರ, ಎಂಟು ಮಧ್ಯಮ, ನಾಲ್ಕು ಭಾರ. ಮೊತ್ತ 25,200. ಮಾತುಕತೆ ಮತ್ತು ಸ್ಟೋರಿಬೋರ್ಡಿಗೆ ಹೋದ ಎಂಟು ಗಂಟೆಗೆ 7,200. ಬಣ್ಣ, ಅಕ್ಷರ, ಲೋಗೊ ಸ್ಥಾನಗಳನ್ನು ಒಂದೇ ಕಡೆ ನಿಗದಿ ಮಾಡುವ ಸ್ಲೈಡ್ ಮಾಸ್ಟರಿನ ನಾಲ್ಕು ಗಂಟೆಗೆ 3,600. ಒಟ್ಟು 40 ಗಂಟೆ, 36,000 ರೂಪಾಯಿ. ಸ್ಲೈಡಿಗೆ 700ರ ಲೆಕ್ಕದಲ್ಲಿ ಇದೇ 40 ಗಂಟೆಗೆ ಸಿಗುತ್ತಿದ್ದದ್ದು 14,000, ಗಂಟೆಗೆ 350. ಇವು ಮಾರುಕಟ್ಟೆಯ ದರಗಳಲ್ಲ, ಲೆಕ್ಕ ಹಾಕುವ ಬಗೆ ಅಷ್ಟೆ. ತಮ್ಮ ಗಂಟೆಯ ದರವನ್ನು ಪ್ರತಿಯೊಬ್ಬರೂ ತಾವೇ ಕಂಡುಕೊಳ್ಳಬೇಕು.

ಸ್ಟೋರಿಬೋರ್ಡಿನ ಹಣವನ್ನು ಬೇರೆಯಾಗಿ ಹಿಡಿದದ್ದೇ ಇಲ್ಲಿ ಮುಖ್ಯ ಬದಲಾವಣೆ. ಸ್ಲೈಡು ಕಡಿಮೆ ಮಾಡುವ ಶ್ರಮಕ್ಕೆ ಕೂಲಿ ಸಿಕ್ಕ ಮೇಲೆ, ಕಡಿಮೆ ಮಾಡಿದ್ದರಿಂದ ಡಿಸೈನರ್‌ಗೆ ನಷ್ಟವಿಲ್ಲ. ಗ್ರಾಹಕರು ಸ್ಟೋರಿಬೋರ್ಡನ್ನು ಒಪ್ಪಿ ಸಹಿ ಹಾಕಿದ ಮೇಲೆ ಎಣಿಕೆ ಗಟ್ಟಿಯಾಗುತ್ತದೆ, ಅಂತಿಮ ಕೊಟೇಶನ್ ಹೋಗುವುದು ಆಗಲೇ.

ಕೊಟೇಶನ್ನಿನಲ್ಲಿ ಬರೆಯದೆ ಬಿಟ್ಟದ್ದು

ಜಗಳಗಳು ಹುಟ್ಟುವುದು ದರದಿಂದಲ್ಲ, ಬರೆಯದೆ ಬಿಟ್ಟ ಮಾತುಗಳಿಂದ. ಒಂದು ಸ್ಲೈಡ್ ಎಂದರೇನು ಎಂಬುದನ್ನೇ ಬರೆಯಬೇಕು: ಒಂದು ಸಂದೇಶ, ಹೆಚ್ಚೆಂದರೆ ಒಂದು ಗ್ರಾಫ್ ಅಥವಾ ಚಿತ್ರ. ತಿದ್ದುಪಡಿ ಎರಡು ಸುತ್ತು ಎಂದರೆ ಸಾಲದು. ಒಂದು ಸುತ್ತು ಎಂದರೆ ಗ್ರಾಹಕರ ಕಡೆಯ ಎಲ್ಲರ ಅಭಿಪ್ರಾಯವನ್ನು ಒಬ್ಬರೇ ಕಲೆಹಾಕಿ ಒಂದೇ ಸಲ ಕಳಿಸುವುದು. ಹಾಗೆ ಬರೆಯದಿದ್ದರೆ ಬೆಳಿಗ್ಗೆ ಒಬ್ಬರ ವಾಟ್ಸ್ಯಾಪ್, ಮಧ್ಯಾಹ್ನ ಇನ್ನೊಬ್ಬರ ಧ್ವನಿ ಸಂದೇಶ, ಮೊದಲಿನದಕ್ಕೆ ತದ್ವಿರುದ್ಧ. ಒಪ್ಪಿದ ವಾಕ್ಯವೇ ಬದಲಾದರೆ ಅದು ತಿದ್ದುಪಡಿಯಲ್ಲ, ಹೊಸ ಸ್ಲೈಡ್. ಅರ್ಧ ಹಣ ಮುಂಗಡ ಪಡೆಯುವುದು ವಾಡಿಕೆ. ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಬೇಕು; ಆಗ ಶೇ 18 ತೆರಿಗೆ ಬಿಲ್ಲಿನ ಮೇಲೆ ಸೇರುತ್ತದೆ ಎಂಬುದನ್ನೂ ಮೊದಲೇ ತಿಳಿಸಬೇಕು.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಸಾಲು ಸೇರಿಸಬೇಕಾಗುತ್ತದೆ. "ಇದನ್ನೇ ಕನ್ನಡದಲ್ಲೂ ಒಂದು ಮಾಡಿಬಿಡಿ" ಎಂಬ ಕೋರಿಕೆ ಕೊನೆಯ ದಿನ ಬರುತ್ತದೆ, ಅದೂ ಪುಕ್ಕಟೆ ಎಂಬ ನಂಬಿಕೆಯಲ್ಲಿ. ಇಂಗ್ಲಿಷ್ ಅಕ್ಷರಕ್ಕೆ ಅಳೆದ ಪೆಟ್ಟಿಗೆಯಲ್ಲಿ ಕನ್ನಡ ಕೂರುವುದಿಲ್ಲ. ಒತ್ತಕ್ಷರಗಳು ಕೆಳಗಿಳಿದು ಮುಂದಿನ ಸಾಲಿಗೆ ತಾಗುತ್ತವೆ, ಸಾಲಿನ ಅಂತರ ಹೆಚ್ಚಿಸಿದರೆ ಪಠ್ಯ ಪೆಟ್ಟಿಗೆ ಮೀರುತ್ತದೆ. ಗ್ರಾಹಕರು ಕೊಟ್ಟ ಪಠ್ಯ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದ್ದು ಯೂನಿಕೋಡ್ ಆಗಿಲ್ಲದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು ಕಾಣುತ್ತದೆ. ಸಭಾಂಗಣದ ಪರದೆಯ ಮೇಲೆ ಇದು ಬಯಲಾದರೆ ತಿದ್ದಲು ಸಮಯವಿರುವುದಿಲ್ಲ. ಆದ್ದರಿಂದ ಪಠ್ಯವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಕೆಟ್ಟ ಅಕ್ಷರಗಳನ್ನು ಕಣ್ಣಾರೆ ಓದಿ ತಿದ್ದಿ, ಕನ್ನಡ ಪ್ರತಿಯನ್ನು ಬೇರೆಯೇ ಕೆಲಸವೆಂದು ಬೆಲೆ ಕಟ್ಟಬೇಕು.

ಫೈಲು ಕೈದಾಟಿಸುವ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ. ಒಂದು ಹಾಳೆಗೆ ಆರು ಸ್ಲೈಡಿನಂತೆ ಕಪ್ಪು-ಬಿಳುಪಿನಲ್ಲಿ ಮುದ್ರಿಸಿ, ಕೈಯಳತೆ ದೂರದಲ್ಲಿ ಹಿಡಿದು ಶೀರ್ಷಿಕೆಗಳನ್ನು ಓದಬೇಕು. ಓದಲಾಗದ ಶೀರ್ಷಿಕೆ ಹಿಂದಿನ ಸಾಲಿನವರಿಗೂ ಕಾಣದು. ಬೂದಾಗಿ ಬೆರೆತುಹೋದ ಗ್ರಾಫ್ ಪ್ರಿಂಟಿನಲ್ಲಿ ಸತ್ತಂತೆಯೇ. ಆಮೇಲೆ ಗ್ರಾಹಕರದೇ ಲ್ಯಾಪ್‌ಟಾಪಿನಲ್ಲಿ ಒಮ್ಮೆ ತೆರೆದು ನೋಡಿ, ಜತೆಗೊಂದು ಪಿಡಿಎಫ್ ಪ್ರತಿಯನ್ನೂ ಕೊಡಬೇಕು.

ಇನ್ನು ಪಿಪಿಟಿ ಮಾಡಿಸಲು ಹೊರಟವರಿಗೆ ಒಂದು ಮಾತು. ಇಬ್ಬರು ಡಿಸೈನರ್‌ಗಳಲ್ಲಿ ಒಬ್ಬರು ಫೋನಿನಲ್ಲೇ ದರ ಹೇಳಿ, ಇನ್ನೊಬ್ಬರು "ಎದುರಿಗೆ ಯಾರು ಕೂತಿರ್ತಾರೆ?" ಎಂದು ಕೇಳಿದರೆ, ಎರಡನೆಯವರ ಜತೆ ಅರ್ಧ ಗಂಟೆ ಕೂತು ಮಾತಾಡಿ. ಅವರ ಕೊಟೇಶನ್ನಿನಲ್ಲಿ ಸ್ಟೋರಿಬೋರ್ಡಿಗೆ ಬೇರೆ ಹಣ ಕೇಳಿದ್ದರೆ ಚೌಕಾಸಿ ಮಾಡಿ ಅದನ್ನೇ ತೆಗೆಸಬೇಡಿ. ಬಜೆಟ್ ಕಡಿಮೆಯಿದ್ದರೆ ಭಾರದ ಸ್ಲೈಡುಗಳಲ್ಲಿ ಒಂದೆರಡನ್ನು ಬಿಟ್ಟುಕೊಡಿ.